ಕಾಫಿ ತೋಟ ಯಾರು ಬೇಕಾದ್ರೂ ತಗೋಬಹುದು, ಆದ್ರೆ ದುಬೈಲಿರೋ ಮಗ ತಗೊಳ್ಳೋ ಹಾಗಿಲ್ಲ

ಕೊಡಗಲ್ಲಿ ಈಗ ಜಮೀನಿನ ಮಾತು ಬಂದ್ರೆ ಎರಡು ಡೈಲಾಗ್ ಗ್ಯಾರಂಟಿ. ಒಂದು, "2020ರಲ್ಲಿ ಕಾನೂನು ಬದಲಾದ್ಮೇಲೆ ಬೆಂಗಳೂರಿನವ್ರೆಲ್ಲ ಬಂದು ತೋಟ ತಗೊಳ್ತಿದ್ದಾರೆ". ಇನ್ನೊಂದು, "ನಮ್ ಹುಡುಗ ಹೊರಗಡೆ ಒಳ್ಳೆ ದುಡೀತಿದ್ದಾನೆ, ಪಕ್ಕದ ತೋಟ ಬಂದ್ರೆ ಅವನ ಹೆಸರಲ್ಲೇ ಮಾಡಿಸಿಬಿಡೋಣ". ಮೊದಲನೇದು ಅರ್ಧ ಸರಿ, ಎರಡನೇದು ಪೂರ್ತಿ ತಪ್ಪು. ತಮಾಷೆ ಅಂದ್ರೆ ಹಳ್ಳಿಗೆ ಸಂಬಂಧಾನೇ ಇಲ್ದಿರೋ ಸಾಫ್ಟ್‌ವೇರ್ ಇಂಜಿನಿಯರ್ ಇವತ್ತು ಪೊನ್ನಂಪೇಟೆಲಿ ತೋಟ ತಗೊಂಡ್ರೆ ಕಾನೂನು ಸುಮ್ನಿರುತ್ತೆ, ಅದೇ ಊರಲ್ಲಿ ಹುಟ್ಟಿ, ಗದ್ದೆಲಿ ನಾಟಿ ಮಾಡಿ ಬೆಳೆದ ಹುಡುಗ ದುಬೈಲಿ ಕೆಲಸದಲ್ಲಿದ್ರೆ ಅವನಿಗೆ ಒಂದು ಸೆಂಟೂ ಕೊಳ್ಳೋಕೆ ಬಿಡಲ್ಲ. ಯಾಕೆ ಹೀಗೆ ಅಂದ್ರೆ ಇಲ್ಲಿರೋದು ಎರಡು ಬೇರೆ ಬೇರೆ ಕಾನೂನು, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು, ಎರಡೂ ಕೇಳೋ ಪ್ರಶ್ನೆನೇ ಬೇರೆ. ರಾಜ್ಯದ ಕಾನೂನು ನೀನು ರೈತನಾ ಅಂತ ಕೇಳ್ತಿತ್ತು, ಈಗ ಕೇಳೋದು ಬಿಟ್ಟಿದೆ. ಕೇಂದ್ರದ ಕಾನೂನು ನೀನು ಎಲ್ಲಿ ವಾಸ ಮಾಡ್ತೀಯ ಅಂತ ಕೇಳುತ್ತೆ, ಅದು ಬಿಟ್ಟಿಲ್ಲ.

ಮೊದಲು ರಾಜ್ಯದ್ದು ನೋಡೋಣ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಲಿ 79ಎ ಅಂತ ಒಂದು ಸೆಕ್ಷನ್ ಇತ್ತು, ಬೇಸಾಯ ಬಿಟ್ಟು ಬೇರೆ ಕಡೆಯಿಂದ ಇಂತಿಷ್ಟಕ್ಕಿಂತ ಜಾಸ್ತಿ ಆದಾಯ ಇರೋರು ಕೃಷಿ ಜಮೀನು ತಗೊಳ್ಳೋ ಹಾಗಿಲ್ಲ ಅಂತ. ಆ ಮಿತಿ ತುಂಬಾ ದಿನ 2 ಲಕ್ಷ ಇತ್ತು, 2015ರಲ್ಲಿ 25 ಲಕ್ಷಕ್ಕೆ ಏರಿಸಿದ್ರು. 79ಬಿ ಪ್ರಕಾರ ಕಂಪನಿ, ಟ್ರಸ್ಟ್, ಸಂಘ ಸಂಸ್ಥೆಗಳು ತಗೊಳ್ಳೋ ಹಾಗಿರಲಿಲ್ಲ. 80ರಲ್ಲಿ ರೈತ ಅಲ್ಲದವರಿಗೆ ಮಾರೋ ಹಾಗಿರಲಿಲ್ಲ. ಅದಕ್ಕೇ ಹಿಂದೆ ರಿಜಿಸ್ಟ್ರೇಷನ್‌ಗೆ ಹೋಗೋ ಮುಂಚೆ ಅಪ್ಪಂದೋ ಅಜ್ಜಂದೋ ಪಹಣಿ ಹುಡುಕ್ಕೊಂಡು ಓಡಾಡ್ತಿದ್ರು, ಸಿಗದೇ ಇದ್ದವ್ರು ಹೇಗೋ ಒಂದು ಕಾಗದ ಮಾಡಿಸ್ಕೊಳ್ತಿದ್ರು, ಆಮೇಲೆ ಎಸಿ ಕೋರ್ಟಿಂದ ನೋಟೀಸ್ ಬರ್ತಿತ್ತು, ವರ್ಷಗಟ್ಟಲೆ ಕೇಸ್ ನಡೀತಿತ್ತು. 2020ರ ಜುಲೈನಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನ ತಿದ್ದುಪಡಿ ಕಾಯ್ದೆ ಮಾಡಿ, 79ಎ, 79ಬಿ ಎರಡನ್ನೂ 1974ರ ಮಾರ್ಚ್ 1ರಿಂದಾನೇ ಇರಲೇ ಇಲ್ಲ ಅನ್ನೋ ಥರ ತೆಗೆದ್ರು, ರೈತ ಅಲ್ಲದವರಿಗೆ ಮಾರಬಾರದು ಅನ್ನೋ ಅಡ್ಡಿನೂ ಹೋಯ್ತು. ರೈತ ಸಂಘಗಳು ಆಗ ಬೀದಿಗಿಳಿದು ಗಲಾಟೆ ಮಾಡಿದ್ದು ಎಲ್ರಿಗೂ ನೆನಪಿರ್ಬೇಕು.

ಆದ್ರೆ ಕೊಡಗಿನ ಮಟ್ಟಿಗೆ ಇದರಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಲಿ 104ನೇ ಸೆಕ್ಷನ್ ಇದೆ, ಅದು ಪ್ಲಾಂಟೇಶನ್‌ಗಳಿಗೆ 79ಎ, 79ಬಿ, 80 ಯಾವುದೂ ಅನ್ವಯ ಆಗಲ್ಲ ಅಂತ ಮೊದಲಿಂದಾನೂ ಹೇಳ್ತಿತ್ತು, ಜಮೀನು ಇಷ್ಟೇ ಇಟ್ಕೋಬೇಕು ಅನ್ನೋ ಸೀಲಿಂಗ್‌ನಿಂದಾನೂ ಅವಕ್ಕೆ ವಿನಾಯಿತಿ. ಪ್ಲಾಂಟೇಶನ್ ಬೆಳೆ ಅಂದ್ರೆ ಯಾವ್ದು ಅಂತ ಕಾಯ್ದೆಲೇ ಪಟ್ಟಿ ಇದೆ: ಏಲಕ್ಕಿ, ಕೋಕೋ, ಕಾಫಿ, ಕಾಳುಮೆಣಸು, ರಬ್ಬರ್, ಟೀ. ಅಡಿಕೆ ಇದರಲ್ಲಿಲ್ಲ, ಅಡಿಕೆ ತೋಟನೂ ತೋಟನೇ ಅಲ್ವಾ ಅಂದ್ಕೊಂಡವ್ರು ಹಿಂದೆ ಇಲ್ಲೇ ಎಡವ್ತಿದ್ರು. ಅಂದ್ರೆ 2020ಕ್ಕಿಂತ ಮುಂಚೇನೂ ಹೊರಗಿನವ್ರು, ಕಂಪನಿಯವ್ರು ಕಾಫಿ ಎಸ್ಟೇಟ್ ತಗೊಳ್ಳೋಕೆ ಈ ಕಾಯ್ದೆ ಅಡ್ಡ ಬರ್ತಿರಲಿಲ್ಲ, ಬ್ರಿಟಿಷರ ಕಾಲದಿಂದ ಕಂಪನಿ ಎಸ್ಟೇಟ್‌ಗಳು ಇಲ್ಲಿ ನಡ್ಕೊಂಡು ಬಂದಿದ್ದೂ ಹಾಗೇ. 2020ರ ತಿದ್ದುಪಡಿಯಿಂದ ಕೊಡಗಲ್ಲಿ ನಿಜವಾಗಿ ಬಾಗಿಲು ತೆರೆದಿದ್ದು ಗದ್ದೆಗೆ. ತೋಟಕ್ಕೆ ಬಾಗಿಲೇ ಇರಲಿಲ್ಲ. ಕಾಫಿ ಭೂಮಿ ಕೈ ತಪ್ಪೋಕೆ 2020ರ ಕಾನೂನೇ ಕಾರಣ ಅನ್ನೋ ವಾದ ಅದಕ್ಕೇ ನನಗೆ ಅಷ್ಟು ಒಪ್ಪಿಗೆ ಆಗಲ್ಲ, ಬೆಲೆ ಬಿದ್ದಾಗ ಸಾಲ ತೀರಿಸೋಕಾಗ್ದೆ ಮಾರಿದ್ದು, ಕೆಲಸಕ್ಕೆ ಆಳು ಸಿಗದೇ ಮಾರಿದ್ದು, ಮಕ್ಕಳೆಲ್ಲ ಊರು ಬಿಟ್ಟಿದ್ದು, ಅದೆಲ್ಲ ಬೇರೆ ಕಥೆ.

ಈಗ ಕೇಂದ್ರದ್ದು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999, ಎಲ್ರೂ ಫೆಮಾ ಅಂತಾರೆ. ಅದರ ಕೆಳಗೆ 2019ರ ಅಕ್ಟೋಬರ್‌ನಲ್ಲಿ ಬಂದ ನಾನ್-ಡೆಟ್ ಇನ್‌ಸ್ಟ್ರುಮೆಂಟ್ಸ್ ರೂಲ್ಸ್ ಅಂತ ಇದೆ, ಅದರ 24ನೇ ನಿಯಮ ಎನ್‌ಆರ್‌ಐ, ಅಂದ್ರೆ ಹೊರದೇಶದಲ್ಲಿರೋ ಭಾರತದ ಪ್ರಜೆಗಳು, ಮತ್ತು ಓಸಿಐ, ಅಂದ್ರೆ ಬೇರೆ ದೇಶದ ಪ್ರಜೆ ಆಗಿ ಓಸಿಐ ಕಾರ್ಡ್ ಇಟ್ಕೊಂಡಿರೋ ಭಾರತ ಮೂಲದವ್ರು, ಭಾರತದಲ್ಲಿ ಆಸ್ತಿ ತಗೊಳ್ಳೋ ಬಗ್ಗೆ. ಮನೆ, ಸೈಟು, ಫ್ಲಾಟು, ಅಂಗಡಿ ಎಷ್ಟು ಬೇಕಾದ್ರೂ ತಗೊಳ್ಳಿ, ಆದ್ರೆ ಕೃಷಿ ಜಮೀನು, ಫಾರ್ಮ್ ಹೌಸ್, ಪ್ಲಾಂಟೇಶನ್ ಆಸ್ತಿ ಈ ಮೂರು ತಗೊಳ್ಳೋ ಹಾಗಿಲ್ಲ. ಗಮನಿಸಿ, ರಾಜ್ಯದ ಕಾಯ್ದೆಲಿ ಪ್ಲಾಂಟೇಶನ್ ಅನ್ನೋದು ವಿನಾಯಿತಿ ಕೊಡಿಸ್ತಿತ್ತು, ಇಲ್ಲಿ ಅದೇ ಪ್ಲಾಂಟೇಶನ್ ಅನ್ನೋದು ನಿಷೇಧದ ಪಟ್ಟಿಲಿದೆ. ನಮ್ಮದು ಕಾಫಿ ತೋಟ, ಕೃಷಿ ಜಮೀನಲ್ಲ, ಹಾಗಾಗಿ ತೊಂದ್ರೆ ಇಲ್ಲ ಅಂತ ಬ್ರೋಕರ್ ಹೇಳಿದ್ರೆ ಅವನು ಒಂದು ಕಾನೂನು ಓದಿ ಇನ್ನೊಂದಕ್ಕೆ ಉತ್ತರ ಕೊಡ್ತಿದ್ದಾನೆ ಅಂತ ಅರ್ಥ.

ಒಂದು ಉದಾಹರಣೆ ಇಟ್ಕೊಂಡು ನೋಡಿದ್ರೆ ಸುಲಭ. ಗೋಣಿಕೊಪ್ಪದ ಹತ್ರ ಒಂದು ಕುಟುಂಬ ಅಂತಿಟ್ಕೊಳ್ಳಿ. ಅಪ್ಪ ಊರಲ್ಲೇ ಇದ್ದಾರೆ. ದೊಡ್ಡ ಮಗ ದುಬೈಲಿ ಕೆಲಸ, ಭಾರತದ ಪಾಸ್‌ಪೋರ್ಟ್. ಮಗಳು ಅಮೆರಿಕದಲ್ಲಿ, ಅಲ್ಲಿನ ಪ್ರಜೆ ಆಗಿದ್ದಾಳೆ, ಓಸಿಐ ಕಾರ್ಡ್ ಇದೆ. ಚಿಕ್ಕ ಮಗ ಬೆಂಗಳೂರಲ್ಲಿ ಐಟಿ ಕಂಪನಿಲಿ. ಪಕ್ಕದವರು 4 ಎಕರೆ ರೋಬಸ್ಟಾ ತೋಟ, ಕೆಳಗಡೆ 1 ಎಕರೆ ಗದ್ದೆ ಮಾರ್ತೀವಿ ಅಂತಾರೆ, ವ್ಯಾಪಾರ 1 ಕೋಟಿಗೆ ಕುದುರುತ್ತೆ. ದುಡ್ಡಿರೋದು ದೊಡ್ಡ ಮಗನ ಹತ್ರ.

ಚಿಕ್ಕ ಮಗ ಕೊಂಡ್ರೆ ಏನೂ ಸಮಸ್ಯೆ ಇಲ್ಲ, ಅವನ ಸಂಬಳ ಎಷ್ಟಿದ್ರೂ ಸರಿ. 2020ಕ್ಕಿಂತ ಮುಂಚೆ ಆಗಿದ್ರೆ ತೋಟಕ್ಕೆ ಓಕೆ, ಆ ಒಂದು ಎಕರೆ ಗದ್ದೆಗೆ ಮಾತ್ರ ಅವನ ಆದಾಯ ನೋಡ್ಬೇಕಾಗ್ತಿತ್ತು. ಗದ್ದೆ ತೋಟದ ಮಧ್ಯೆನೇ ಸಿಕ್ಕಿಹಾಕ್ಕೊಂಡಿದ್ದು ತೋಟದ ನಿರ್ವಹಣೆಗೆ ಬೇಕೇ ಬೇಕು ಅಂತ ತೀರ್ಮಾನ ಆದ್ರೆ ಅದನ್ನೂ ಪ್ಲಾಂಟೇಶನ್ ಜೊತೆಗೇ ಸೇರಿಸಿ ನೋಡೋ ಅವಕಾಶ 104ರಲ್ಲೇ ಇದೆ, ಆದ್ರೆ ತೋಟದ ಪಕ್ಕ ಇದೆ ಅಂದ್ರೆ ಸಾಕಾಗಲ್ಲ.

ದೊಡ್ಡ ಮಗ ತನ್ನ ಹೆಸರಲ್ಲೇ ಕೊಳ್ಳೋದು? ಆಗಲ್ಲ. ಇಲ್ಲೇ ಜನ ಮೋಸ ಹೋಗೋದು, ಯಾಕಂದ್ರೆ ಅದು ರಿಜಿಸ್ಟರ್ ಆಗಿಬಿಡುತ್ತೆ! ಅವನ ಹತ್ರ ಆಧಾರ್ ಇದೆ, ಪ್ಯಾನ್ ಇದೆ, ಊರಿನ ವಿಳಾಸ ಇದೆ, ರಜೆಗೆ ಬಂದಾಗ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕೂತು ಫೋಟೋ ತೆಗೆಸಿ ಹೆಬ್ಬೆಟ್ಟು ಕೊಟ್ರೆ ಪತ್ರ ಆಗುತ್ತೆ, ಮ್ಯುಟೇಶನ್ ಆಗುತ್ತೆ, ಪಹಣಿಲಿ ಹೆಸರೂ ಬರುತ್ತೆ. ಎಲ್ಲ ಆಯ್ತಲ್ಲ ಅಂತ ಎಲ್ರೂ ಖುಷಿ. ಪಹಣಿಲಿ ಹೆಸರು ಬಂದ ಮಾತ್ರಕ್ಕೆ ಫೆಮಾ ಉಲ್ಲಂಘನೆ ಸರಿಹೋಗಲ್ಲ. ಗೊತ್ತಾಗೋದು ಎಷ್ಟೋ ವರ್ಷ ಆದ್ಮೇಲೆ, ಮಾರಿ ದುಡ್ಡು ಹೊರಗೆ ಕಳಿಸ್ಬೇಕು ಅಂತ ಬ್ಯಾಂಕಿಗೆ ಹೋದಾಗ. ಅಲ್ಲಿ ಸಿಎ ಸರ್ಟಿಫಿಕೇಟ್ ಕೇಳ್ತಾರೆ, ಈ ಆಸ್ತಿ ಯಾವಾಗ, ಹೇಗೆ ಬಂತು, ಆಗ ನೀವು ಎಲ್ಲಿದ್ರಿ ಅಂತ ಕೇಳ್ತಾರೆ, ಕ್ರಯಪತ್ರದ ತಾರೀಖೂ ಪಾಸ್‌ಪೋರ್ಟ್‌ನ ಸೀಲೂ ಪಕ್ಕಪಕ್ಕ ಇಟ್ರೆ ಮುಗೀತು. ಫೆಮಾದ 13ನೇ ಸೆಕ್ಷನ್ ಪ್ರಕಾರ ದಂಡ ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗ್ಬಹುದು, ನಮ್ಮ ಲೆಕ್ಕದಲ್ಲಿ 3 ಕೋಟಿವರೆಗೆ, ಆಸ್ತಿ ಮುಟ್ಟುಗೋಲಿಗೂ ಅವಕಾಶ ಇದೆ. ತಾನಾಗೇ ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿ ತಪ್ಪೊಪ್ಪಿಕೊಂಡು ಕಾಂಪೌಂಡಿಂಗ್ ಮಾಡಿಸ್ಕೊಳ್ಳೋ ದಾರಿ ಇದೆ, ಅದರಲ್ಲಿ ಮೊತ್ತ ಇದಕ್ಕಿಂತ ಎಷ್ಟೋ ಕಮ್ಮಿ ಆಗ್ಬಹುದು, ಆದ್ರೆ ಅದಕ್ಕೂ ಮೊದಲು ಆ ಜಮೀನನ್ನ ಇಲ್ಲೇ ವಾಸ ಇರೋರಿಗೆ ವಿಲೇವಾರಿ ಮಾಡಿ ಬಾ ಅಂತಾರೆ. ದಂಡ ಕಟ್ಟಿ ತೋಟ ಉಳಿಸ್ಕೊಳ್ಳೋಣ ಅನ್ನೋ ಲೆಕ್ಕಾಚಾರ ನಡೆಯಲ್ಲ.

ಅಮೆರಿಕದ ಮಗಳ ಪರಿಸ್ಥಿತಿನೂ ಅದೇ. ಓಸಿಐ ಅಂದ್ರೆ ಅರ್ಧ ಪೌರತ್ವ ಇದ್ದ ಹಾಗೆ ಅಂತ ಅಂದ್ಕೊಂಡಿರ್ತಾರೆ, ಆದ್ರೆ ಓಸಿಐಗಳಿಗೆ ಏನೇನು ಹಕ್ಕು ಅಂತ ಕೇಂದ್ರ ಗೃಹ ಸಚಿವಾಲಯ 2021ರ ಮಾರ್ಚ್ 4ರಂದು ಹೊರಡಿಸಿದ ಅಧಿಸೂಚನೆಲೂ ಕೃಷಿ ಜಮೀನು, ಫಾರ್ಮ್ ಹೌಸ್, ಪ್ಲಾಂಟೇಶನ್ ಬಿಟ್ಟು ಅಂತ ಸ್ಪಷ್ಟವಾಗಿ ಬರೆದಿದೆ.

ಇನ್ನು ಎಲ್ರೂ ಮಾಡೋ ಉಪಾಯ, ದುಡ್ಡು ದೊಡ್ಡ ಮಗಂದು, ಹೆಸರು ಅಪ್ಪಂದು. ಇದು ಸರಿನಾ ತಪ್ಪಾ ಅನ್ನೋದು ಆ ದುಡ್ಡು ಅಪ್ಪನಿಗೆ ಯಾವ ರೂಪದಲ್ಲಿ ಬಂತು ಅನ್ನೋದರ ಮೇಲೆ ನಿಂತಿದೆ, ಸ್ವಲ್ಪ ನಿಧಾನಕ್ಕೆ ಓದಿ. ಬೇನಾಮಿ ಕಾಯ್ದೆ 1988ರದ್ದು, 2016ರಲ್ಲಿ ಬಿಗಿ ಮಾಡಿದ್ರು. ಒಬ್ಬ ದುಡ್ಡು ಕೊಟ್ಟು, ಇನ್ನೊಬ್ಬನ ಹೆಸರಲ್ಲಿ ಆಸ್ತಿ ಇಟ್ಟು, ಅದರ ಲಾಭ ದುಡ್ಡು ಕೊಟ್ಟವನಿಗೇ ಅಂತಾದ್ರೆ ಅದು ಬೇನಾಮಿ. ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ ತನ್ನ ಲೆಕ್ಕ ಇರೋ ದುಡ್ಡಿಂದ ಕೊಂಡ್ರೆ ವಿನಾಯಿತಿ ಇದೆ. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಹೆಸರಲ್ಲಿ ಕೊಂಡ್ರೆ ವಿನಾಯಿತಿ ಸಿಗೋದು ಪತ್ರದಲ್ಲಿ ದುಡ್ಡು ಕೊಟ್ಟವನ ಹೆಸರೂ ಜಂಟಿಯಾಗಿ ಇದ್ರೆ ಮಾತ್ರ. ಈಗ ನೋಡಿ ಮಜಾ, ಜಂಟಿ ಹೆಸರು ಹಾಕಿಸಿದ್ರೆ ದೊಡ್ಡ ಮಗ ಫೆಮಾದಲ್ಲಿ ಸಿಕ್ಕಿಬೀಳ್ತಾನೆ, ಹಾಕಿಸದೇ ಇದ್ರೆ ಬೇನಾಮಿ ಕಾಯ್ದೆಲಿ ಸಿಕ್ಕಿಬೀಳೋ ಅಪಾಯ. ಇದರಿಂದ ಹೊರಗೆ ಬರೋಕಿರೋ ದಾರಿ ಒಂದೇ, ಮಗ ಅಪ್ಪನಿಗೆ ನಿಜವಾಗ್ಲೂ ದುಡ್ಡನ್ನ ಕೊಟ್ಟುಬಿಡ್ಬೇಕು. ಬ್ಯಾಂಕ್ ಮೂಲಕ ಅಪ್ಪನ ಅಕೌಂಟಿಗೆ ಗಿಫ್ಟ್ ಅಂತ ಹಾಕಿ, ಅದಕ್ಕೊಂದು ಗಿಫ್ಟ್ ಪತ್ರ ಬರೆದಿಟ್ಟು, ಅಪ್ಪ ತನ್ನ ಅಕೌಂಟಿಂದ ಮಾರೋನಿಗೆ ಕೊಟ್ಟು, ತೋಟದ ಆದಾಯ ಅಪ್ಪನಿಗೇ ಬಂದು, ತೋಟ ಅಪ್ಪಂದೇ ಆಗ್ಬೇಕು. ಮಗ ನೇರವಾಗಿ ಮಾರೋನ ಅಕೌಂಟಿಗೆ ದುಡ್ಡು ಹಾಕಿ, ಕಾಫಿ ಮಾರಿದ ದುಡ್ಡು ಮಗನ ಅಕೌಂಟಿಗೆ ಹೋಗಿ, ಅಪ್ಪನ ಹತ್ರ ಇದು ನಂದಲ್ಲ ಅವಂದು ಅಂತ ಒಂದು ಕಾಗದ ಬರೆಸ್ಕೊಂಡ್ರೆ, ಆ ಕಾಗದನೇ ಬೇನಾಮಿ ಅನ್ನೋದಕ್ಕೆ ಮೊದಲ ಸಾಕ್ಷಿ. ಬೇನಾಮಿ ಅಂತ ಸಾಬೀತಾದ್ರೆ ಆಸ್ತಿ ಸರ್ಕಾರದ ಪಾಲು.

ಹೆಂಡತಿ ಊರಲ್ಲೇ ಇದ್ದು ಭಾರತದ ಪ್ರಜೆ ಆಗಿದ್ರೆ ಅವಳೊಬ್ಬಳ ಹೆಸರಲ್ಲಿ ಕೊಳ್ಳೋದು ಇದಕ್ಕಿಂತ ಸಲೀಸು, ಗಲ್ಫ್‌ನಲ್ಲಿ ಗಂಡ ಒಬ್ಬನೇ ಇರೋ ಮನೆಗಳಲ್ಲಿ ಇದು ಕೆಲಸಕ್ಕೆ ಬರುತ್ತೆ. ಅವಳೂ ಗಂಡನ ಜೊತೆ ಅಲ್ಲೇ ಇದ್ರೆ ಮತ್ತೆ ಅದೇ ಕಥೆ.

ಸರಿ, ಅಪ್ಪ ಕೊಂಡ್ರು. ಮುಂದೆ ಅದು ಮಗನಿಗೆ ಹೋಗೋದು ಹೇಗೆ? ಅಪ್ಪ ದಾನಪತ್ರ ಮಾಡಿ ಕೊಡೋ ಹಾಗಿಲ್ಲ, ಎನ್‌ಆರ್‌ಐ ಮಗ ತೋಟನ ಗಿಫ್ಟ್ ಆಗಿ ತಗೊಳ್ಳೋದಕ್ಕೂ ಅದೇ 24ನೇ ನಿಯಮದಲ್ಲಿ ತಡೆ ಇದೆ. ಮನೆನ ಗಿಫ್ಟ್ ಕೊಡ್ಬಹುದು, ತೋಟನ ಆಗಲ್ಲ. ವಿಲ್ ಬರೆದಿಟ್ರೆ ಆಗುತ್ತೆ, ವಿಲ್ ಇಲ್ದೆ ವಾರಸುದಾರಿಕೆಲಿ ಬಂದ್ರೂ ಆಗುತ್ತೆ. ಭಾರತದಲ್ಲಿ ವಾಸ ಇದ್ದವರಿಂದ ಉತ್ತರಾಧಿಕಾರವಾಗಿ ಕೃಷಿ ಜಮೀನು, ತೋಟ ಏನು ಬಂದ್ರೂ ಎನ್‌ಆರ್‌ಐ ಇಟ್ಕೋಬಹುದು, ಅಮೆರಿಕದ ಪ್ರಜೆ ಆಗಿರೋ ಮಗಳೂ ಇಟ್ಕೋಬಹುದು, ಯಾರ ಪರ್ಮಿಷನ್ನೂ ಬೇಡ. ಊರಲ್ಲಿ ಎಲ್ಲ ಕ್ಲಿಯರ್ ಮಾಡಿಬಿಡೋಣ ಅಂತ ಅಪ್ಪಂದಿರು ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸೋದು ಜಾಸ್ತಿ ಆಗಿದೆ, ಊರಲ್ಲಿರೋ ಮಗನಿಗಾದ್ರೆ ಪರ್ವಾಗಿಲ್ಲ, ಹೊರಗಿರೋ ಮಗನ ಪಾಲಿಗೆ ಮಾತ್ರ ವಿಲ್ಲೇ ಸರಿ. ಪತ್ರ ಬರೆಯೋರಿಗೆ ಮಗ ಎಲ್ಲಿದ್ದಾನೆ ಅಂತ ನಾವೇ ಬಾಯಿಬಿಟ್ಟು ಹೇಳ್ಬೇಕು, ಅವರಾಗೇ ಕೇಳಲ್ಲ.

ಹೊರಗೆ ಹೋಗೋ ಮುಂಚೆ ಇಲ್ಲೇ ಇದ್ದಾಗ ಕೊಂಡಿದ್ದ ತೋಟಕ್ಕೂ ತೊಂದ್ರೆ ಇಲ್ಲ, ಫೆಮಾದ 6(5) ಅದನ್ನ ಇಟ್ಕೊಳ್ಳೋಕೆ ಬಿಡುತ್ತೆ. ದೊಡ್ಡ ಮಗ ದುಬೈ ಬಿಟ್ಟು ವಾಪಸ್ ಬಂದು ಇಲ್ಲೇ ನೆಲೆ ನಿಂತ್ರೆ ಆಗ ಅವನೂ ಎಲ್ರ ಥರ ಕೊಳ್ಳಬಹುದು. ಆದ್ರೆ ರಜೆಗೆ ಬಂದು ಮೂರು ತಿಂಗಳು ಕೂತ್ರೆ ಇಲ್ಲಿಯ ನಿವಾಸಿ ಆಗಲ್ಲ. ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಜಾಸ್ತಿ ಇಲ್ಲಿದ್ದಿರಬೇಕು ಅನ್ನೋ ಲೆಕ್ಕ ಇದೆ, ಅದರ ಜೊತೆ ಹೋಗಿದ್ದು ಬಂದಿದ್ದು ಯಾಕೆ ಅನ್ನೋದನ್ನೂ ನೋಡ್ತಾರೆ, ಕೆಲಸಕ್ಕೆ ಅಂತ ಹೊರಗೆ ಹೋದವನು ಹೋದ ದಿನದಿಂದಾನೇ ಫೆಮಾ ಪ್ರಕಾರ ಹೊರಗಿನವನು. ಇನ್‌ಕಮ್ ಟ್ಯಾಕ್ಸ್‌ನ ರೆಸಿಡೆಂಟ್ ಲೆಕ್ಕ ಬೇರೆ, ಫೆಮಾದ್ದು ಬೇರೆ, ಸಿಎ ಹತ್ರ ಕೇಳುವಾಗ ಫೆಮಾ ಪ್ರಕಾರ ಹೇಳಿ ಅಂತ ಒತ್ತಿ ಕೇಳಿ.

ಈಗ ಇನ್ಸ್ಟಾಗ್ರಾಮ್ ತುಂಬಾ ಬರ್ತಿರೋ ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಜಾಹೀರಾತಿನ ಬಗ್ಗೆನೂ ಹೇಳ್ಲೇಬೇಕು. ದೊಡ್ಡ ಎಸ್ಟೇಟ್ ತಗೊಂಡು ಕಾಲೆಕರೆ ಅರ್ಧೆಕರೆ ಅಂತ ತುಂಡು ಮಾಡಿ, ನೋಡ್ಕೊಳ್ಳೋದು ನಾವೇ, ನೀವು ವೀಕೆಂಡಿಗೆ ಬಂದು ಕಾಫಿ ಕುಡೀರಿ ಅಂತಾರೆ. ಹೆಸರಿಗೆ ಬರೋದು ಕಾಫಿ ಗಿಡ ಇರೋ ನೆಲನೇ ಆದ್ರೆ ಅದು ಪ್ಲಾಂಟೇಶನ್, ಎನ್‌ಆರ್‌ಐ ಕೊಳ್ಳೋ ಹಾಗಿಲ್ಲ, ಅದರೊಳಗೆ ಕಾಟೇಜ್ ಕಟ್ಟಿ ಕೊಟ್ರೆ ಫಾರ್ಮ್ ಹೌಸ್, ಅದೂ ಇಲ್ಲ. ಆಮೇಲೆ ಕನ್ವರ್ಷನ್ ಮಾಡಿಸಿ ಕೊಡ್ತೀವಿ ಅನ್ನೋ ಮಾತೂ ನಡೆಯಲ್ಲ, ಕ್ರಯ ಆಗೋ ದಿನಕ್ಕೇ ಡಿಸಿ ಕನ್ವರ್ಷನ್ ಆರ್ಡರ್ ಕೈಲಿರ್ಬೇಕು. ಹೊರಗಿರೋ ಹುಡುಗನಿಗೆ ಊರಲ್ಲೊಂದು ಮನೆ ಬೇಕೇ ಬೇಕು ಅಂದ್ರೆ ಮಡಿಕೇರಿಲೋ ಕುಶಾಲನಗರದಲ್ಲೋ ಕನ್ವರ್ಟ್ ಆಗಿರೋ ಸೈಟ್ ನೋಡ್ಲಿ, ಎನ್‌ಆರ್‌ಐಗಳಿಗೆ ಅಂತಲೇ ಬ್ಯಾಂಕಲ್ಲಿರೋ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಅಕೌಂಟಿಂದ ದುಡ್ಡು ಕೊಡ್ಲಿ, ಯಾರೂ ಕೇಳಲ್ಲ.

ಇದರಲ್ಲಿ ನನಗೆ ಅರ್ಥ ಆಗ್ದೇ ಇರೋ ನ್ಯಾಯ ಒಂದಿದೆ. ವಿದೇಶಿ ಬಂಡವಾಳದ ನೀತಿ ಪ್ರಕಾರ ಕಾಫಿ, ಟೀ, ರಬ್ಬರ್, ಏಲಕ್ಕಿ ಪ್ಲಾಂಟೇಶನ್ ಕಂಪನಿಗೆ 100% ವಿದೇಶಿ ಹೂಡಿಕೆ ಬರಬಹುದು, ಸರ್ಕಾರದ ಪೂರ್ವಾನುಮತಿನೂ ಬೇಡ. ಅಂದ್ರೆ ಎಲ್ಲಿಯದೋ ದುಡ್ಡು ಕಂಪನಿ ರೂಪದಲ್ಲಿ ಬಂದು ಕೊಡಗಲ್ಲಿ ನೂರಾರು ಎಕರೆ ಕಾಫಿ ತೋಟ ಮಾಡ್ಬಹುದು, ಗೋಣಿಕೊಪ್ಪದ ಹುಡುಗ ಅಪ್ಪನ ಬೇಲಿ ಪಕ್ಕದ ನಾಲ್ಕೆಕರೆ ತನ್ನ ಹೆಸರಲ್ಲಿ ತಗೊಳ್ಳೋ ಹಾಗಿಲ್ಲ. ಹಾಗಿದ್ರೆ ನಾನೂ ಕಂಪನಿ ಮಾಡ್ತೀನಿ ಅಂದ್ರೆ, ಅದು ನಿಜವಾದ ಪ್ಲಾಂಟೇಶನ್ ವ್ಯವಹಾರ ಆಗಿರ್ಬೇಕು, ಷೇರು ಕೊಟ್ಟಿದ್ದನ್ನ ರಿಸರ್ವ್ ಬ್ಯಾಂಕಿಗೆ ವರದಿ ಮಾಡ್ಬೇಕು, ಎನ್‌ಆರ್‌ಐಗಳಿಗೆ ಅಂತಿರೋ ಸುಲಭದ ನಾನ್-ರಿಪ್ಯಾಟ್ರಿಯೇಶನ್, ಅಂದ್ರೆ ಹಾಕಿದ ದುಡ್ಡನ್ನ ಮತ್ತೆ ಹೊರದೇಶಕ್ಕೆ ಒಯ್ಯಲ್ಲ ಅನ್ನೋ ದಾರಿಲಿ ಕೃಷಿ, ಪ್ಲಾಂಟೇಶನ್ ಕಂಪನಿಗೆ ದುಡ್ಡು ಹಾಕೋದಕ್ಕೆ ತಡೆ ಇದೆ. ನಾಲ್ಕೆಕರೆಗೋಸ್ಕರ ಇಷ್ಟೆಲ್ಲ ಮಾಡೋನು ಯಾರೂ ಇಲ್ಲ.

ಕೊಡಗಿಗೇ ಸೇರಿದ ಇನ್ನೊಂದು ತೊಡಕು, ಕೊಳ್ಳೋನು ಸರಿ ಇದ್ರೂ ಮಾರೋನಿಗೆ ಹಕ್ಕಿದೆಯಾ ಅನ್ನೋದು. ವಂಶಪಾರಂಪರ್ಯವಾಗಿ ಮನೆತನಕ್ಕೆ ಬಂದಿರೋ ಜಮ್ಮಾ ಜಮೀನಲ್ಲಿ ಪಹಣಿ ತೆಗೆದ್ರೆ ಯಾವತ್ತೋ ತೀರಿಕೊಂಡ ಪಟ್ಟೇದಾರರ, ಅಂದ್ರೆ ಮನೆತನದ ಯಜಮಾನರ ಹೆಸರೇ ಇರುತ್ತೆ, ಅನುಭವದಲ್ಲಿರೋರು ಬೇರೆ, ಪಾಲು ಇರೋರು ಒಕ್ಕದಲ್ಲಿ, ಅಂದ್ರೆ ಇಡೀ ಮನೆತನದಲ್ಲಿ ಎಷ್ಟೋ ಜನ, ಅದರಲ್ಲಿ ಕೆಲವರು ಹೊರದೇಶದಲ್ಲಿ. ಅವರ ಸಹಿ ಬೇಕು ಅಂದ್ರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಲೋ ಕಾನ್ಸುಲೇಟ್‌ನಲ್ಲೋ ಪವರ್ ಆಫ್ ಅಟಾರ್ನಿ ದೃಢೀಕರಿಸಿ ಕಳಿಸ್ಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸ್ಬೇಕು. ಗದ್ದೆ ಜೊತೆ ಸೇರಿ ಬಂದ ಕಾಡು ಜಮೀನು, ಅಂದ್ರೆ ಬಾಣೆ ಆದ್ರೆ ಮರದ ಹಕ್ಕು ಯಾರದ್ದು, ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ರಿಡೀಮ್ ಆಗಿದೆಯಾ ಇಲ್ವಾ ಅನ್ನೋದೂ ನೋಡ್ಬೇಕು, ಮರ ನಮ್ಮದೇ ಅಂತ ರೇಟ್ ಕಟ್ಟಿ ಆಮೇಲೆ ಅರಣ್ಯ ಇಲಾಖೆ ಬಾಗಿಲಲ್ಲಿ ನಿಂತವ್ರು ಕಮ್ಮಿ ಇಲ್ಲ. ತೋಟದ ಪಕ್ಕದ ಪೈಸಾರಿ, ಅಂದ್ರೆ ಸರ್ಕಾರಿ ಜಾಗ ಸೇರಿಸಿ ಎಕರೆ ಲೆಕ್ಕ ಹೇಳೋದು ಬೇರೆ, ಅಳತೆ ಮಾಡಿಸಿ ನಕ್ಷೆ ನೋಡಿದ್ಮೇಲೇ ಅಡ್ವಾನ್ಸ್ ಕೊಡಿ. ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಈಗಲೂ ಪೂರ್ತಿ ಜಾರಿಲಿದೆ, ಸರ್ಕಾರದ ಅನುಮತಿ ಇಲ್ದೆ ಆದ ಕ್ರಯ ಅಸಿಂಧು, 2020ರ ತಿದ್ದುಪಡಿಗೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ಮಾರೋ ವಿಷಯ. ಅಪ್ಪನ ನಂತರ ತೋಟ ದೊಡ್ಡ ಮಗನಿಗೂ ಅಮೆರಿಕದ ಮಗಳಿಗೂ ಚಿಕ್ಕ ಮಗನಿಗೂ ಬಂತು ಅಂತಿಟ್ಕೊಳ್ಳಿ. ಮಗಳು ತನ್ನ ಪಾಲು ಬೇಡ ಅಂತ ಮಾರೋಕೆ ಹೊರಟ್ರೆ ಬೆಂಗಳೂರಿನ ತಮ್ಮನಿಗೆ ಮಾರಬಹುದು, ಊರಿನ ಬೇರೆ ಯಾರಿಗೆ ಬೇಕಾದ್ರೂ ಮಾರಬಹುದು, ದುಬೈ ಅಣ್ಣನಿಗೆ ಮಾತ್ರ ಮಾರೋ ಹಾಗಿಲ್ಲ, ಗಿಫ್ಟ್ ಕೊಡೋ ಹಾಗೂ ಇಲ್ಲ. ಅಣ್ಣನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದು ಒಳಗಿಂದೊಳಗೆ ದುಡ್ಡು ತಗೊಂಡ್ರೂ ಅದು ಮಾರಾಟನೇ. ಮಾರಿದ ದುಡ್ಡು ಎನ್‌ಆರ್‌ಓ ಅಕೌಂಟಿಗೆ ಬರಬೇಕು, ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಟ್ಯಾಕ್ಸ್ ಕಾಗದ ಎಲ್ಲ ಕೊಟ್ಟು ಹೊರಗೆ ಕಳಿಸ್ಬಹುದು. ಅವಾಗ ಬ್ಯಾಂಕಿನವ್ರು ಕೇಳೋದು ವಿಲ್ ಅಥವಾ ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ, ಪೌತಿ ಖಾತೆ ಆದ ಪಹಣಿ, ಕ್ರಯಪತ್ರ. ಪೌತಿ ಖಾತೆ ಮಾಡಿಸ್ದೆ ಅಪ್ಪನ ಹೆಸರಲ್ಲೇ ಬಿಟ್ಟಿರೋ ತೋಟಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದನ್ನ ಮುಗಿಸದೇ ಕೊಳ್ಳೋರಿಂದ ಅಡ್ವಾನ್ಸ್ ತಗೊಳ್ಳೋಕೆ ಹೋಗ್ಬೇಡಿ.